ಒಟ್ಟು 325, ಅಳತೆಯಲ್ಲಿ 34: ಪಾಸಾ, ಫೇಲಾ?

ಬಾಗಲಕೋಟೆಯ ನವನಗರದಲ್ಲಿ ಒಂದು ಟ್ರಸ್ಟ್ ಇದೆ. ಮನೆಯಲ್ಲಿ ಹಾಸಿಗೆ ಹಿಡಿದವರನ್ನು, ವಯಸ್ಸಾದವರನ್ನು ನೋಡಿಕೊಳ್ಳುವ ಹೆಣ್ಣುಮಕ್ಕಳಿಗೆ ಒಂದು ವರ್ಷದ ತರಬೇತಿ ಕೊಡುತ್ತದೆ. ಮಕ್ಕಳು ಪುಣೆ, ಬೆಂಗಳೂರು ಸೇರಿಕೊಂಡು, ಅಪ್ಪ ಅವ್ವ ಇಲ್ಲೇ ಉಳಿದಿರುವ ಮನೆಗಳು ಈ ಭಾಗದಲ್ಲಿ ಜಾಸ್ತಿ. ಹಾಗಾಗಿ ಇಲ್ಲಿ ಕಲಿತವರಿಗೆ ಕೆಲಸ ಕೂಡಲೇ ಸಿಗುತ್ತದೆ. ಟ್ರಸ್ಟಿನ ಪ್ರಮಾಣಪತ್ರ ನೋಡಿಯೇ ಜನ ಮನೆಯೊಳಗೆ ಬಿಟ್ಟುಕೊಳ್ಳುತ್ತಾರೆ.

ನಾನು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಹೇಳಿಕೊಡುವವನು. ಅವರ ಪರೀಕ್ಷಾ ಸಮಿತಿ ನನ್ನನ್ನು ಕರೆದದ್ದು ಒಂದೇ ಪ್ರಶ್ನೆಗೆ: ಪಾಸ್ ಅಂತ ಯಾರನ್ನು ಕರೆಯಬೇಕು? ಗುರುತು ಸಿಗಬಾರದೆಂದು ಅಂಕಗಳನ್ನೂ ಒಂದೆರಡು ವಿವರಗಳನ್ನೂ ಇಲ್ಲಿ ಬದಲಿಸಿದ್ದೇನೆ. ಲೆಕ್ಕದ ಸ್ವರೂಪ ಮಾತ್ರ ಹಾಗೇ ಇದೆ.

ಮೊದಲಿನ ನಿಯಮ

ಐದು ಪೇಪರ್. ರೋಗಿಯ ಆರೈಕೆ, ಔಷಧ ಮತ್ತು ಅಳತೆ, ಪ್ರಥಮ ಚಿಕಿತ್ಸೆ, ಆಹಾರ ಮತ್ತು ಸ್ವಚ್ಛತೆ, ಮಾತುಕತೆ ಮತ್ತು ದಾಖಲೆ. ಒಂದೊಂದಕ್ಕೆ 100 ಅಂಕ, ಒಟ್ಟು 500. ಎಲ್ಲ ಕೂಡಿಸಿ 250 ಬಂದರೆ ಪಾಸ್. ಯಾವುದರಲ್ಲಿ ಎಷ್ಟು ಬಂತು ಅಂತ ಯಾರೂ ಕೇಳುತ್ತಿರಲಿಲ್ಲ. ಒಂದರಲ್ಲಿ ಕಡಿಮೆ ಬಿದ್ದದ್ದನ್ನು ಇನ್ನೊಂದರಲ್ಲಿ ತುಂಬಿಕೊಳ್ಳಬಹುದು. ಪರೀಕ್ಷೆಯ ಶಾಸ್ತ್ರದಲ್ಲಿ ಇದಕ್ಕೆ ಕಾಂಪೆನ್ಸೇಟರಿ ನಿಯಮ ಅನ್ನುತ್ತಾರೆ. ನಾನು ಇಲ್ಲಿ ಸುಮ್ನೆ ಒಟ್ಟು-ನಿಯಮ ಅಂತ ಕರೆಯುತ್ತೇನೆ.

ಹಲವು ವರ್ಷ ಇದು ನಡೆಯಿತು. ಆಮೇಲೆ ವಿಜಯಪುರದ ಒಂದು ಮನೆಯಲ್ಲಿ ಹೀಗಾಯಿತು. ಸಕ್ಕರೆ ಕಾಯಿಲೆಯ ಅಜ್ಜಿಗೆ ದಿನಾ ಇನ್ಸುಲಿನ್ 20 ಯೂನಿಟ್. ಮನೆಯಲ್ಲಿದ್ದದ್ದು ಕೆಂಪು ಮುಚ್ಚಳದ ಸಿರಿಂಜ್. ಅದು ಒಂದು ಮಿಲಿಲೀಟರಿಗೆ 40 ಯೂನಿಟ್ ಇರುವ ಬಾಟಲಿಗೆ ಮಾಡಿದ್ದು. ನಮ್ಮ ಕಡೆ ಔಷಧ ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಬಾಟಲಿ ಅದೇ. ಈ ಸಲ ಪುಣೆಯಿಂದ ಬಂದ ಮಗ ಬೇರೆ ಇನ್ಸುಲಿನ್ ತಂದಿದ್ದ. ವೈದ್ಯರು ಬದಲಿಸಿ ಬರೆದುಕೊಟ್ಟದ್ದು, ಮಿಲಿಲೀಟರಿಗೆ 100 ಯೂನಿಟ್. ಅದಕ್ಕೆ ಕಿತ್ತಳೆ ಮುಚ್ಚಳದ ಸಿರಿಂಜ್ ಬೇಕು.

ನೋಡಿಕೊಳ್ಳುವಾಕೆ ಎಂದಿನಂತೆ ಕೆಂಪು ಸಿರಿಂಜಿನಲ್ಲಿ 20ರ ಗೆರೆವರೆಗೆ ಎಳೆದಳು. ಆ ಗೆರೆ ಅಂದರೆ ಅರ್ಧ ಮಿಲಿಲೀಟರ್. ಹೊಸ ಬಾಟಲಿಯಿಂದ ಅರ್ಧ ಮಿಲಿಲೀಟರ್ ಎಳೆದರೆ 50 ಯೂನಿಟ್, ಎರಡೂವರೆ ಪಟ್ಟು. ಚುಚ್ಚುವ ಮೊದಲು ಮಗ ಬಾಟಲಿ ಚೀಟಿ ಓದಿ ತಡೆದ. ಇಲ್ಲವಾದರೆ ಅಜ್ಜಿಯ ರಕ್ತದ ಸಕ್ಕರೆ ಇಳಿದು ಪ್ರಜ್ಞೆ ತಪ್ಪುವ ಅಪಾಯ ಇತ್ತು.

ಸಮಿತಿಯವರು ಆಕೆಯ ಹಳೆಯ ಅಂಕಪಟ್ಟಿ ತೆಗೆದು ನೋಡಿದರು. ಒಟ್ಟು 300 ದಾಟಿತ್ತು. ಔಷಧ ಮತ್ತು ಅಳತೆಯಲ್ಲಿ 36.

ಟ್ರಸ್ಟಿನಲ್ಲಿ ಮೂವತ್ತು ವರ್ಷ ಆಸ್ಪತ್ರೆಯಲ್ಲಿ ದುಡಿದು ಬಂದ ಒಬ್ಬ ನಿವೃತ್ತ ನರ್ಸ್ ಇದ್ದಾರೆ. ಎಲ್ಲರೂ ಅವರನ್ನು ಸಿಸ್ಟರ್ ಅಕ್ಕಾರು ಅಂತಾರೆ. ಅವರು ಸಭೆಯಲ್ಲಿ ಕೇಳಿದ್ದು ಇಷ್ಟೇ: "ಅಲ್ರೀ, ಸಿರಿಂಜ್ ಹಿಡಿದಾಗ ಅಡುಗಿ ಪೇಪರಿನ ಅಂಕ ಬಂದು ಕೈ ಹಿಡಿತಾವೇನ್ರಿ?"

ಗಾಬರಿಯ ನಿಯಮ

ಅಂದೇ ನಿಯಮ ಬದಲಾಯಿತು. ಇನ್ನು ಮುಂದೆ ಐದರಲ್ಲೂ 50 ಬರಬೇಕು. ಒಂದರಲ್ಲಿ 49 ಆದರೂ ಫೇಲ್. ಇದು ಕಂಜಂಕ್ಟಿವ್ ನಿಯಮ. ಎಲ್ಲ ಷರತ್ತೂ ಒಟ್ಟಿಗೆ ಪೂರೈಸಬೇಕು, ಒಂದು ಇನ್ನೊಂದಕ್ಕೆ ಜಾಮೀನು ನಿಲ್ಲುವ ಹಾಗಿಲ್ಲ. ಇದನ್ನು ಪ್ರತಿ-ಪೇಪರ್ ನಿಯಮ ಅನ್ನೋಣ.

ಆ ವರ್ಷದ ಬ್ಯಾಚಿನಲ್ಲಿ 22 ಜನ. ಹಳೆಯ ನಿಯಮದಲ್ಲಿ 20 ಜನ ಪಾಸಾಗುತ್ತಿದ್ದರು. ಹೊಸದರಲ್ಲಿ 9. ಊರಿಂದ ತಂದೆ ತಾಯಿ ಬಂದರು, ಫೀ ಕೊಟ್ಟ ದಾನಿಗಳು ಫೋನ್ ಮಾಡಿದರು. ನನ್ನನ್ನು ಕರೆದದ್ದು ಆಗ.

ನಾಲ್ವರ ಅಂಕ ಮುಂದಿಟ್ಟುಕೊಂಡರೆ ಇಡೀ ಸಮಸ್ಯೆ ಕಾಣುತ್ತದೆ.

| ರೋಲ್ ನಂಬರ್ | ಆರೈಕೆ | ಔಷಧ-ಅಳತೆ | ಪ್ರಥಮ ಚಿಕಿತ್ಸೆ | ಆಹಾರ | ಮಾತುಕತೆ | ಒಟ್ಟು |
|---|---|---|---|---|---|---|
| 7 | 78 | 34 | 62 | 71 | 80 | 325 |
| 11 | 54 | 58 | 51 | 47 | 55 | 265 |
| 16 | 52 | 50 | 51 | 50 | 49 | 252 |
| 19 | 44 | 72 | 46 | 41 | 40 | 243 |

ಒಟ್ಟು-ನಿಯಮದಲ್ಲಿ 7ನೇ ನಂಬರಿನವಳು ಫಸ್ಟ್ ಕ್ಲಾಸ್. ಪ್ರತಿ-ಪೇಪರ್ ನಿಯಮದಲ್ಲಿ ಅವಳು ಫೇಲ್, ಮಾತುಕತೆಯಲ್ಲಿ ಒಂದು ಅಂಕ ಕಡಿಮೆ ಬಂದ 16ನೇ ನಂಬರಿನವಳೂ ಫೇಲ್. ಇಬ್ಬರಿಗೂ ಒಂದೇ ಹಣೆಪಟ್ಟಿ.

ನಾನು ಮೊದಲು ನೋಡಿದ್ದು ಫೇಲಾದವರ ಪಟ್ಟಿಯನ್ನಲ್ಲ, ಯಾವ ಪೇಪರಿನಲ್ಲಿ ಎಷ್ಟು ಅಂಕಕ್ಕೆ ಬಿದ್ದರು ಅನ್ನುವುದನ್ನು. ಹೊಸ ನಿಯಮದಿಂದ ಹೆಚ್ಚಾಗಿ ಬಿದ್ದವರು 11 ಜನ. ಅವರಲ್ಲಿ ಅಳತೆಯ ಪೇಪರಿನಿಂದ ಬಿದ್ದವರು ನಾಲ್ಕೇ. ಉಳಿದ ಏಳು ಜನ ಬೇರೆ ಬೇರೆ ಪೇಪರಿನಲ್ಲಿ, ಹೆಚ್ಚಿನವರು ಎರಡು ಮೂರು ಅಂಕಕ್ಕೆ. ವಿಜಯಪುರದ ಮನೆಯಲ್ಲಿ ಆದದ್ದಕ್ಕೂ ಈ ಏಳು ಜನಕ್ಕೂ ಸಂಬಂಧವೇ ಇಲ್ಲ. ಯಾವುದೋ ಒಂದು ಪೇಪರಿನ ಭಯಕ್ಕೆ ಐದೂ ಪೇಪರಿಗೆ ಬೇಲಿ ಹಾಕಿದ್ದರು.

ಎರಡು ಮೂರು ಅಂಕದ ಬೆಲೆ

ಇಲ್ಲಿ ಸ್ವಲ್ಪ ನಿಲ್ಲಬೇಕು. 47 ಮತ್ತು 50ರ ನಡುವೆ ನಿಜವಾಗಿ ವ್ಯತ್ಯಾಸ ಇದೆಯಾ?

ಅದನ್ನು ತಿಳಿಯಲು ಅದೇ ಉತ್ತರ ಪತ್ರಿಕೆಗಳನ್ನು ಇನ್ನೊಬ್ಬರ ಕೈಲಿ ತಿದ್ದಿಸಿದೆವು. ಮೊದಲಿನ ಅಂಕ ಅವರಿಗೆ ತೋರಿಸಲಿಲ್ಲ. ತಿದ್ದುವವರು ಬದಲಾದರೆ ಅಂಕ ಬದಲಾಗುತ್ತದೆ, ಅದು ಎಲ್ಲರಿಗೂ ಗೊತ್ತು. ಆದರೆ ಪ್ರಶ್ನೆಗಳು ಬದಲಾದರೂ ಬದಲಾಗುತ್ತದೆ, ಹಿಂದಿನ ರಾತ್ರಿ ನಿದ್ದೆ ಇಲ್ಲದಿದ್ದರೂ ಬದಲಾಗುತ್ತದೆ. ಎಲ್ಲ ಸೇರಿಸಿ, ಒಂದು ಪೇಪರಿನ ಅಂಕ ಅತ್ತಿತ್ತ ಐದರಷ್ಟು ಓಲಾಡುತ್ತದೆ ಅಂತ ಅಂದಾಜು ಮಾಡಿದೆವು. ಸಂಖ್ಯಾಶಾಸ್ತ್ರದಲ್ಲಿ ಇದು ಅಳತೆಯ ಪ್ರಮಾಣಿತ ದೋಷ. ಟ್ರಸ್ಟಿನವರೇ ನಡೆಸುವ ಇಂಥ ಚಿಕ್ಕ ಪರೀಕ್ಷೆಗೆ ಐದು ಅಂದರೆ ಏನೂ ಜಾಸ್ತಿ ಅಲ್ಲ.

ಈಗ ಒಬ್ಬಳನ್ನು ಊಹಿಸಿಕೊಳ್ಳಿ. ಅವಳ ನಿಜವಾದ ಮಟ್ಟ ಐದು ಪೇಪರಿನಲ್ಲೂ 54. ಅಂದರೆ ಪಾಸಾಗಲೇಬೇಕಾದವಳು. ಒಂದು ಪೇಪರಿನಲ್ಲಿ ಅವಳಿಗೆ 50 ಅಥವಾ ಜಾಸ್ತಿ ಬರುವ ಸಾಧ್ಯತೆ ಸುಮಾರು ಶೇ. 79. ಪರವಾಗಿಲ್ಲ ಅನಿಸುತ್ತೆ ಅಲ್ವಾ? ಆದರೆ ಐದರಲ್ಲೂ ಬರಬೇಕೆಂದರೆ 0.79ನ್ನು ಐದು ಸಲ ಗುಣಿಸಬೇಕು. ಸಿಗುವುದು ಶೇ. 30ರ ಆಸುಪಾಸು. ಪಾಸಾಗಬೇಕಾದ ಇಂಥ ನೂರು ಜನರಲ್ಲಿ 70 ಜನ ಫೇಲ್.

ಅದೇ ಹುಡುಗಿ ಒಟ್ಟು-ನಿಯಮದಲ್ಲಿ? ಅವಳ ನಿಜವಾದ ಒಟ್ಟು 270. ಒಂದು ಪೇಪರಿನಲ್ಲಿ ದುರದೃಷ್ಟಕ್ಕೆ ನಾಲ್ಕು ಕಡಿಮೆಯಾದರೆ ಇನ್ನೊಂದರಲ್ಲಿ ಅದೃಷ್ಟಕ್ಕೆ ಮೂರು ಹೆಚ್ಚಾಗುತ್ತದೆ. ಹಾಗಾಗಿ ಒಟ್ಟಿನ ಓಲಾಟ ಐದೈದಲೇ 25 ಆಗುವುದಿಲ್ಲ, 11ರಷ್ಟೇ ಆಗುತ್ತದೆ. 250 ದಾಟುವ ಸಾಧ್ಯತೆ ಶೇ. 96.

ಪೇಪರ್‌ಗಳ ತಪ್ಪು ಒಂದಕ್ಕೊಂದು ಸಂಬಂಧವಿಲ್ಲದೆ ಆಗುತ್ತದೆ ಅಂತ ಇಟ್ಟುಕೊಂಡು ಮಾಡಿದ ಲೆಕ್ಕ ಇದು. ಪರೀಕ್ಷೆಯ ವಾರ ಪೂರ್ತಿ ಜ್ವರ ಇದ್ದರೆ ಐದೂ ಒಟ್ಟಿಗೆ ಕೆಳಗಿಳಿಯುತ್ತವೆ, ಆಗ ಎರಡು ನಿಯಮಗಳ ಅಂತರ ಇಷ್ಟು ದೊಡ್ಡದಿರುವುದಿಲ್ಲ. ಆದರೂ ದಿಕ್ಕು ಅದೇ. ಷರತ್ತು ಹೆಚ್ಚಿಸಿದಷ್ಟೂ ಯೋಗ್ಯರಾದವರು ಎಲ್ಲೋ ಒಂದು ಕಡೆ ಮುಗ್ಗರಿಸುವ ಸಾಧ್ಯತೆ ಹೆಚ್ಚುತ್ತದೆ. "ಹೊಸ ನಿಯಮ ಕಟ್ಟುನಿಟ್ಟು" ಅಂತ ಸಮಿತಿಯಲ್ಲಿ ಒಬ್ಬರು ಹೆಮ್ಮೆಯಿಂದ ಹೇಳಿದರು. ಅರ್ಧಕ್ಕರ್ಧ ಅದು ಲಾಟರಿ ಅಂತ ನಾನು ಹೇಳಬೇಕಾಯಿತು. ಅವರಿಗೆ ಇಷ್ಟವಾಗಲಿಲ್ಲ.

ಹಾಗಾದರೆ ಹಳೆಯದಕ್ಕೇ ಹೋಗೋಣವಾ?

ಬೇಡ. ಒಟ್ಟು-ನಿಯಮದಲ್ಲಿ ಇನ್ನೊಂದು ರೀತಿಯ ತೂತಿದೆ. 7ನೇ ನಂಬರಿನ ಸಾಲನ್ನು ಮತ್ತೊಮ್ಮೆ ನೋಡಿ. ಅವಳನ್ನು ಎತ್ತಿದ್ದು ಯಾವ ಅಂಕಗಳು? ಆರೈಕೆಯ 78, ಮಾತುಕತೆಯ 80. ಎರಡೂ ಒಳಗಿನವರೇ ಕೊಡುವ ಅಂಕ. ಒಂದು ಪ್ರಾಯೋಗಿಕ, ಇನ್ನೊಂದು ಮೌಖಿಕ. ಆ ಎರಡು ಪೇಪರಿನಲ್ಲಿ ಹೆಚ್ಚಿನವರಿಗೆ ಧಾರಾಳವಾಗಿ ಅಂಕ ಬಿದ್ದಿತ್ತು. ವರ್ಷವಿಡೀ ಕಣ್ಣೆದುರು ದುಡಿದ ಹುಡುಗಿಗೆ ಕಡಿಮೆ ಕೊಡಲು ಯಾರಿಗೆ ಮನಸ್ಸು ಬರುತ್ತದೆ? ತಪ್ಪೂ ಅಲ್ಲ ಅದು. ಆದರೆ ಒಟ್ಟು-ನಿಯಮ ಇದ್ದಾಗ, ಧಾರಾಳವಾಗಿ ಅಂಕ ಕೊಡುವ ಪೇಪರ್ ಕಷ್ಟದ ಪೇಪರಿನ ಸಾಲ ತೀರಿಸಿಬಿಡುತ್ತದೆ. ಕಷ್ಟದ ಪೇಪರ್ ಇದ್ದೂ ಇಲ್ಲದಂತೆ.

ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ನಿಯಮ ಇದಕ್ಕೆ ಒಳ್ಳೆಯ ಉದಾಹರಣೆ. ಒಂದು ವಿಷಯಕ್ಕೆ ಕಾಲೇಜಿನ ಆಂತರಿಕ ಅಂಕ 50, ಸೆಮಿಸ್ಟರ್ ಪರೀಕ್ಷೆಯದ್ದು 50. ಒಟ್ಟು 40 ಬೇಕು. ಆಂತರಿಕದಲ್ಲಿ ಕನಿಷ್ಠ 20, ಪರೀಕ್ಷೆಯಲ್ಲಿ ಕನಿಷ್ಠ 18. ಪರೀಕ್ಷೆಯಲ್ಲಿ 18 ಬಂದವನು ಆಂತರಿಕದ 22ರಿಂದ ದಾಟಬಹುದು, ಅಷ್ಟು ಸರಿದೂಗಿಸಲು ಬಿಟ್ಟಿದ್ದಾರೆ. ಆದರೆ ಪರೀಕ್ಷೆಯಲ್ಲಿ 17 ಬಂದರೆ ಆಂತರಿಕದಲ್ಲಿ 50ಕ್ಕೆ 50 ಇದ್ದರೂ ಆಗದು. ಕಾಲೇಜು ಎಷ್ಟೇ ಧಾರಾಳವಾಗಿದ್ದರೂ ಒಂದು ಮಿತಿಯ ಕೆಳಗಿನವರನ್ನು ಎತ್ತಲಾಗದ ಹಾಗೆ ಇದೆ ಆ 18.

ಇಂಥ ಮಿಶ್ರ ನಿಯಮಗಳು ಹೊಸವಲ್ಲ. ಸಿಎ ಪರೀಕ್ಷೆಯಲ್ಲಿ ಪ್ರತಿ ಪೇಪರಿನಲ್ಲಿ ಶೇ. 40, ಇಡೀ ಗ್ರೂಪಿಗೆ ಶೇ. 50. ನಮ್ಮ ಎಸ್ಸೆಸ್ಸೆಲ್ಸಿಯಲ್ಲೂ 2025-26ರಿಂದ ಹೀಗೇ: ಪ್ರತಿ ವಿಷಯದಲ್ಲಿ ಕನಿಷ್ಠ ಶೇ. 30, ಒಟ್ಟು 625ಕ್ಕೆ 206, ಅಂದರೆ ಶೇ. 33. ಅದಕ್ಕೆ ಮೊದಲು ಪ್ರತಿ ವಿಷಯಕ್ಕೂ ಶೇ. 35 ಬೇಕಿತ್ತು. "ಪಾಸ್ ಅಂಕ ಇಳಿಸಿದರು" ಅಂತ ಎಲ್ಲರೂ ಮಾತಾಡಿದ್ದು ಇಳಿಸಿದ್ದರ ಬಗ್ಗೆ ಮಾತ್ರ. ನಿಯಮದ ಜಾತಿಯೇ ಬದಲಾದದ್ದು ಅಷ್ಟಾಗಿ ಚರ್ಚೆಗೆ ಬರಲಿಲ್ಲ. ಎಲ್ಲ ವಿಷಯದಲ್ಲೂ ಬರೀ ಶೇ. 30 ತೆಗೆದರೆ ಒಟ್ಟು 187.5, 206 ಮುಟ್ಟುವುದಿಲ್ಲ. ಗಣಿತದಲ್ಲಿ 30 ಬಂದ ಹುಡುಗ ಕನ್ನಡದಲ್ಲೋ ಸಮಾಜದಲ್ಲೋ ಅದನ್ನು ತುಂಬಿಕೊಳ್ಳಬೇಕು. ಗಣಿತದಲ್ಲಿ 29 ಬಂದರೆ ಮಾತ್ರ ತುಂಬಿಕೊಳ್ಳುವ ಹಾಗಿಲ್ಲ.

ಈ ಮಿಶ್ರ ನಿಯಮದಲ್ಲಿ ಕೆಳಗಿನ ಗಡಿ ಎಲ್ಲಿರಬೇಕು ಅನ್ನುವುದೇ ಮುಖ್ಯ. ಟ್ರಸ್ಟಿಗೆ ನಾನು ಹೇಳಿದ್ದು 40. ಯಾಕೆಂದರೆ ಅಂಕದ ಓಲಾಟ ಐದು. 50ರಿಂದ ಅದರ ಎರಡು ಪಟ್ಟು ಕೆಳಗೆ ಹೋದರೆ 40. ನಿಜವಾಗಿ 50ರ ಮಟ್ಟದಲ್ಲಿರುವವಳು ಬರೀ ದುರದೃಷ್ಟಕ್ಕೆ 40ರ ಕೆಳಗೆ ಬೀಳುವುದು ಅಪರೂಪ. ಮೊದಲು ಹೇಳಿದ 54ರ ಹುಡುಗಿ ಐದೂ ಪೇಪರಿನಲ್ಲಿ 40 ದಾಟುವ ಸಾಧ್ಯತೆ ಶೇ. 98ಕ್ಕಿಂತ ಹೆಚ್ಚು. ಹಾಗಾಗಿ 40ರ ಗಡಿಯಲ್ಲಿ ಸಿಕ್ಕಿಬೀಳುವವರು ಹೆಚ್ಚಾಗಿ ನಿಜವಾಗಿ ಬಾರದವರೇ.

ಅಕ್ಕಾರು ಒಪ್ಪಲಿಲ್ಲ

ಪ್ರತಿ ಪೇಪರಿನಲ್ಲಿ 40, ಒಟ್ಟು 250. ಬ್ಯಾಚಿನ ಮೇಲೆ ಹಾಕಿ ನೋಡಿದರೆ 18 ಜನ ಪಾಸ್. 11 ಮತ್ತು 16ನೇ ನಂಬರಿನವರು ದಾಟಿದರು. 7ನೇ ನಂಬರಿನವಳು ಅಳತೆಯ 34ರಿಂದ ಬಿದ್ದಳು. ದಾನಿಗಳಿಗೂ ಸಮಾಧಾನ. ಕಡತ ಮುಚ್ಚಬಹುದು ಅಂತ ಕಾರ್ಯದರ್ಶಿ ಅಂದರು.

ಸಿಸ್ಟರ್ ಅಕ್ಕಾರು ಮಾತ್ರ 11ನೇ ನಂಬರಿನವಳ ಉತ್ತರ ಪತ್ರಿಕೆ ತರಿಸಿದರು. ಔಷಧ ಮತ್ತು ಅಳತೆಯಲ್ಲಿ ಅವಳಿಗೆ 58. ಯಾವ ನಿಯಮದಲ್ಲೂ ಆ ಪೇಪರಿನಲ್ಲಿ ಅವಳು ಪಾಸೇ. "ಒಳಗ ಏನೈತಿ ನೋಡೋಣ ಸರ್" ಅಂತ ಪುಟ ತಿರುವಿದರು.

ಆ ಪೇಪರಿನಲ್ಲಿ 60 ಅಂಕ ಬರವಣಿಗೆಗೆ: ಮಾತ್ರೆಗಳ ಹೆಸರು, ಯಾವುದಕ್ಕೆ ಕೊಡುತ್ತಾರೆ, ಅಡ್ಡ ಪರಿಣಾಮ ಏನು, ಎಲ್ಲಿ ಇಡಬೇಕು. 40 ಅಂಕ ಲೆಕ್ಕಕ್ಕೆ, ನಾಲ್ಕು ಅಂಕದ ಹತ್ತು ಪ್ರಶ್ನೆ. 11ನೇ ನಂಬರಿನವಳಿಗೆ ಬರವಣಿಗೆಯಲ್ಲಿ 50, ಲೆಕ್ಕದಲ್ಲಿ 8. ಹತ್ತರಲ್ಲಿ ಎರಡು ಸರಿ.

ಒಂದು ಪ್ರಶ್ನೆ ಹೀಗಿತ್ತು. ಮಗುವಿಗೆ ಪ್ಯಾರಾಸಿಟಮಾಲ್ 200 ಮಿಲಿಗ್ರಾಂ ಕೊಡಲು ವೈದ್ಯರು ಬರೆದಿದ್ದಾರೆ. ಬಾಟಲಿಯ ಮೇಲೆ 5 ಮಿಲಿಲೀಟರಿಗೆ 125 ಮಿಲಿಗ್ರಾಂ ಎಂದಿದೆ. ಎಷ್ಟು ಮಿಲಿಲೀಟರ್ ಕೊಡಬೇಕು? ಉತ್ತರ 8. ಅದೇ ಸಿರಪ್ 5 ಮಿಲಿಲೀಟರಿಗೆ 250 ಮಿಲಿಗ್ರಾಂ ಇರುವ ಬಾಟಲಿಯಲ್ಲೂ ಬರುತ್ತದೆ. ಆಗ ಉತ್ತರ 4. ಬಾಟಲಿ ಬದಲಾದದ್ದು ನೋಡದೆ 8 ಕೊಟ್ಟರೆ ಮಗುವಿಗೆ ಹೋಗುವುದು 400 ಮಿಲಿಗ್ರಾಂ. 11ನೇ ನಂಬರಿನವಳು ಎರಡಕ್ಕೂ "1 ಚಮಚ" ಅಂತ ಬರೆದಿದ್ದಳು. ಪಕ್ಕದಲ್ಲಿ ಅಚ್ಚುಕಟ್ಟಾಗಿ ಪ್ಯಾರಾಸಿಟಮಾಲಿನ ಉಪಯೋಗಗಳನ್ನೂ ಬರೆದಿದ್ದಳು, ಅದನ್ನು ಯಾರೂ ಕೇಳಿರಲಿಲ್ಲ.

ಆಮೇಲೆ 7ನೇ ನಂಬರಿನವಳದ್ದು. 34ರಲ್ಲಿ ಬರವಣಿಗೆ 10, ಲೆಕ್ಕ 24. ಹತ್ತರಲ್ಲಿ ಆರು ಸರಿ. ಅವಳು ಸೋತದ್ದು ಔಷಧಿಗಳ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ಜಾಗದಲ್ಲಿ. ಕಾಗುಣಿತ ತಪ್ಪಿದರೆ ಪೂರ್ತಿ ಸೊನ್ನೆ ಅಂತ ತಿದ್ದಿದವರು ಹಾಕಿಕೊಂಡು ಹೋಗಿದ್ದರು. ಚೀಟಿ ಓದಲು ಬರಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೆಸರನ್ನು ನೆನಪಿನಿಂದ ತಪ್ಪಿಲ್ಲದೆ ಬರೆಯುವ ಕೆಲಸ ಯಾವ ಮನೆಯಲ್ಲಿ ಬರುತ್ತದೆ?

ಅಂದರೆ ಅಜ್ಜಿಗೆ ಇನ್ಸುಲಿನ್ ಎಳೆಯುವ ವಿಷಯದಲ್ಲಿ 34 ಅಂಕದವಳು 58 ಅಂಕದವಳಿಗಿಂತ ಮೇಲು. ಪ್ರತಿ-ಪೇಪರ್ ನಿಯಮ ಇದನ್ನು ಕಾಣಲಿಲ್ಲ, ನನ್ನ ಮಿಶ್ರ ನಿಯಮದ ಗಡಿಗೂ ಇದು ಕಾಣುವಂಥದ್ದಲ್ಲ. ಪೇಪರುಗಳ ನಡುವೆ ಸರಿದೂಗಿಸುವುದನ್ನು ತಡೆಯುತ್ತ ಕೂತಿದ್ದೆವು. ಒಂದೇ ಪೇಪರಿನ ಒಳಗೆ ಹೆಸರು ಬಾಯಿಪಾಠ ಮಾಡಿದ ಅಂಕ ಲೆಕ್ಕದ ಅಂಕವನ್ನು ಸರಿದೂಗಿಸುತ್ತಲೇ ಇತ್ತು. ಒಂದು ಪೇಪರಿನ ಅಂಕ ಅನ್ನುವುದೂ ಒಂದು ಮೊತ್ತವೇ ಅಲ್ವಾ? ಐದು ಪೇಪರ್ ಅನ್ನುವ ವಿಂಗಡಣೆ ಎಂದೋ ಯಾರೋ ಪಾಠದ ಅನುಕೂಲಕ್ಕೆ ಮಾಡಿದ್ದು. ಯಾವ ತಪ್ಪಿನಿಂದ ಯಾರಿಗೆ ಏನಾಗುತ್ತದೆ ಅನ್ನುವುದನ್ನು ನೋಡಿ ಮಾಡಿದ್ದಲ್ಲ.

ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲೂ ಇದೇ ಪ್ರಶ್ನೆ ಏಳುತ್ತದೆ. ಟಿಇಟಿಯ ಮೊದಲ ಪತ್ರಿಕೆಯಲ್ಲಿ 30 ಅಂಕದ ಐದು ಭಾಗ, ಸಾಮಾನ್ಯ ವರ್ಗಕ್ಕೆ 150ರಲ್ಲಿ 90 ಬೇಕು. ಗಣಿತದ 30ರಲ್ಲಿ 6 ಬಂದವರೂ ಉಳಿದದ್ದರಿಂದ ದಾಟಬಹುದು. ಅಲ್ಲಿ ಆಮೇಲೆ ನೇಮಕಾತಿ ಪರೀಕ್ಷೆ ಬೇರೆ ಇದೆ, ಒಂದೇ ಜರಡಿಯ ಮೇಲೆ ಎಲ್ಲ ನಿಂತಿಲ್ಲ. ನಮ್ಮ ಟ್ರಸ್ಟಿನ ಪ್ರಮಾಣಪತ್ರದ ನಂತರ ಇನ್ನೊಂದು ಜರಡಿ ಇಲ್ಲ. ನೇರ ಅಜ್ಜಿಯ ಹಾಸಿಗೆ ಪಕ್ಕ.

ಲೆಕ್ಕವನ್ನು ಹೊರಗೆ ತೆಗೆದದ್ದು

ಹಾಗಾಗಿ ಅಳತೆಯ ಲೆಕ್ಕವನ್ನು ಪೇಪರಿನಿಂದ ಹೊರಗೆ ತೆಗೆದೆವು. ಅದಕ್ಕೆ ಅಂಕವೇ ಇಲ್ಲ. ಒಟ್ಟು ಅಂಕಕ್ಕೆ ಸೇರುವುದೂ ಇಲ್ಲ. ದಾಟಿದರೆ ದಾಟಿದರು, ಇಲ್ಲವಾದರೆ ಇಲ್ಲ. ಉಳಿದ ಐದು ಪೇಪರಿಗೆ 40ರ ಗಡಿ ಮತ್ತು ಒಟ್ಟು 250. ಔಷಧದ ಪೇಪರಿನ ಬರವಣಿಗೆಯನ್ನು 100ಕ್ಕೆ ಏರಿಸಿ, ಇಂಗ್ಲಿಷ್ ಕಾಗುಣಿತದ ಬದಲು ಚೀಟಿ ತೋರಿಸಿ ಓದಿಸುವ ಪ್ರಶ್ನೆಗಳನ್ನು ಹಾಕಲಾಯಿತು.

ಅಳತೆಯ ಪರೀಕ್ಷೆ ಕಾಗದದ ಮೇಲೆ ಬೇಡ ಅಂತ ಅಕ್ಕಾರು ಹಟ ಹಿಡಿದರು. ಮೇಜಿನ ಮೇಲೆ ಕೆಂಪು ಮುಚ್ಚಳದ ಸಿರಿಂಜ್, ಕಿತ್ತಳೆ ಮುಚ್ಚಳದ ಸಿರಿಂಜ್, ಚೀಟಿ ಅಂಟಿಸಿ ನೀರು ತುಂಬಿದ ಬಾಟಲಿಗಳು, ಸಿರಪ್ ಅಳೆಯುವ ಮುಚ್ಚಳ, ಬಿಪಿ ಮಾಪಕ. ವೈದ್ಯರ ಚೀಟಿ ಕೈಗೆ ಕೊಡುತ್ತಾರೆ, ಅವಳು ಸರಿಯಾದ ಸಿರಿಂಜ್ ಆರಿಸಿ ಎಳೆದು ತೋರಿಸಬೇಕು. ಬಾಟಲಿ ಮತ್ತು ಸಿರಿಂಜ್ ಹೊಂದದಿದ್ದರೆ "ಇದು ಆಗಂಗಿಲ್ಲ, ಬ್ಯಾರೆ ಸಿರಿಂಜ್ ಬೇಕು" ಅನ್ನುವುದೇ ಸರಿಯಾದ ಉತ್ತರ. ಅಂಥ ಬಲೆ ನಾಲ್ಕೈದು ಇರುತ್ತವೆ.

ಮೊದಲು ಹತ್ತು ಪ್ರಶ್ನೆ, ಒಂಬತ್ತು ಸರಿ ಬೇಕು, ಮೂರು ಅವಕಾಶ ಅಂತ ಬರೆದಿದ್ದರು. ಇಲ್ಲಿ ನಾನು ತಡೆದೆ. ಹತ್ತರಲ್ಲಿ ಏಳು ಮಾತ್ರ ಸರಿ ಮಾಡುವ ಮಟ್ಟದವಳು ಒಂದು ಸಲಕ್ಕೆ ಒಂಬತ್ತು ಮುಟ್ಟುವ ಸಾಧ್ಯತೆ ಶೇ. 15. ಮೂರು ಸಲ ಬಿಟ್ಟರೆ ಅದು ಶೇ. 38 ಆಗುತ್ತದೆ. ಅವಳು ಏನೂ ಹೊಸದಾಗಿ ಕಲಿತಿರುವುದಿಲ್ಲ, ದಾಳ ಮೂರು ಸಲ ಉರುಳಿದೆ ಅಷ್ಟೇ. ಷರತ್ತು ಹೆಚ್ಚಾದರೆ ಯೋಗ್ಯರು ಬೀಳುತ್ತಾರೆ. ಅವಕಾಶ ಹೆಚ್ಚಾದರೆ ಅಯೋಗ್ಯರು ದಾಟುತ್ತಾರೆ.

ಪರಿಹಾರ ಪ್ರಶ್ನೆಗಳನ್ನು ಹೆಚ್ಚಿಸುವುದು. 20 ಕೆಲಸ, 18 ಸರಿ, ಎರಡೇ ಅವಕಾಶ. ಏಳರ ಮಟ್ಟದವಳು ಎರಡೂ ಅವಕಾಶ ಬಳಸಿದರೂ ದಾಟುವುದು ಶೇ. 7. ಹತ್ತರಲ್ಲಿ ಒಂಬತ್ತು ಮಾಡುವ ಮಟ್ಟದವಳು ಎರಡು ಅವಕಾಶದಲ್ಲಿ ದಾಟುವುದು ಸುಮಾರು ಶೇ. 90. ಪರೀಕ್ಷಕರಿಗೆ ಕೆಲಸ ಜಾಸ್ತಿಯಾಯಿತು, ಒಬ್ಬೊಬ್ಬರಿಗೂ ಹೆಚ್ಚು ಹೊತ್ತು ಬೇಕು. ಅದಕ್ಕೆ ಬೇರೆ ದಾರಿ ಇಲ್ಲ. ಎರಡು ಅವಕಾಶಗಳ ನಡುವೆ ಹದಿನೈದು ದಿನ ಅಂತರ, ಆ ದಿನಗಳಲ್ಲಿ ತರಬೇತಿ, ಎರಡನೇ ಸಲಕ್ಕೆ ಬೇರೆ ಚೀಟಿಗಳು.

ಈ ಪರೀಕ್ಷೆಯ ಒಳಗೂ ಒಂದು ಸಣ್ಣ ಸರಿದೂಗಿಸುವಿಕೆ ಉಳಿದೇ ಇದೆ ಅಂತ ಯಾರಾದರೂ ಹೇಳಬಹುದು. 20ರಲ್ಲಿ ತಪ್ಪಿದ ಎರಡೂ ಇನ್ಸುಲಿನ್ ಬಲೆಗಳೇ ಆಗಿದ್ದರೆ? ಅಕ್ಕಾರು ಅದನ್ನೂ ಕೇಳಿದರು. ಇನ್ಸುಲಿನ್ ಸಿರಿಂಜಿನ ಬಲೆಯನ್ನು ಮಾತ್ರ ತಪ್ಪಲೇಬಾರದು ಅಂತ ಸೇರಿಸಿದೆವು. ಅಲ್ಲಿಗೆ ನಿಲ್ಲಿಸಿದೆವು. ಪ್ರತಿಯೊಂದಕ್ಕೂ ಹೀಗೆ ಷರತ್ತು ಹಾಕುತ್ತ ಹೋದರೆ ಮತ್ತೆ ಗಾಬರಿಯ ನಿಯಮಕ್ಕೇ ಬಂದು ನಿಲ್ಲುತ್ತೇವೆ.

ನಾಲ್ವರಿಗೆ ಏನಾಯಿತು

7ನೇ ನಂಬರಿನವಳು ಮೊದಲ ಸಲ 15 ಮಾಡಿದಳು. ಎರಡನೇ ಸಲ 19. ಔಷಧದ ಪೇಪರನ್ನು ಹೊಸ ರೂಪದಲ್ಲಿ ಮತ್ತೆ ಬರೆದು 52 ತೆಗೆದಳು.

16ನೇ ನಂಬರಿನವಳು ಎರಡನೇ ಸಲಕ್ಕೆ 18 ಮುಟ್ಟಿದಳು, ಬಲೆಗಳಲ್ಲಿ ಬೀಳಲಿಲ್ಲ. ಐದೂ ಪೇಪರಿನಲ್ಲಿ 50ರ ಸುತ್ತಮುತ್ತ ಇರುವವಳು. ಯಾವುದರಲ್ಲೂ ಮಿಂಚುವವಳಲ್ಲ, ಆದರೆ ಎಲ್ಲೂ ತೂತಿಲ್ಲ. ನನ್ನ ಮನೆಗೆ ಯಾರನ್ನಾದರೂ ಕರೆಯಬೇಕಾದರೆ ಅವಳನ್ನೇ ಕರೆಯುತ್ತೇನೆ.

19ನೇ ನಂಬರಿನವಳದ್ದು ಬೇರೆ ಕಥೆ. ಅಳತೆಯಲ್ಲಿ ಮೊದಲ ಸಲವೇ 20ಕ್ಕೆ 20. ಗಡಿ ಎಲ್ಲ ದಾಟಿದ್ದಾಳೆ, ಆದರೆ ಒಟ್ಟು 243. ಒಟ್ಟಿನ ಓಲಾಟ 11 ಅಂತ ಮೊದಲೇ ಹೇಳಿದೆನಲ್ಲ, ಏಳು ಅಂಕದ ಕೊರತೆ ಅದರ ಒಳಗೇ ಇದೆ. ಒಟ್ಟು-ನಿಯಮದಲ್ಲೂ ಗಡಿಯ ಹತ್ತಿರದವರ ಮೇಲೆ ಅನುಮಾನ ಇದ್ದೇ ಇರುತ್ತದೆ. ಅವಳಿಗೆ ತನಗೆ ಬೇಕಾದ ಎರಡು ಪೇಪರ್ ಮತ್ತೆ ಬರೆಯಲು ಬಿಟ್ಟರು. ಆಹಾರ ಮತ್ತು ಮಾತುಕತೆ ಆರಿಸಿಕೊಂಡು, ಎರಡೂ ಸೇರಿ 15 ಅಂಕ ಹೆಚ್ಚು ತೆಗೆದಳು.

11ನೇ ನಂಬರಿನವಳು ಮೊದಲು 9, ಆಮೇಲೆ 14. ಪ್ರಮಾಣಪತ್ರ ಸಿಗಲಿಲ್ಲ. ಅವಳ ತಂದೆ ಜಮಖಂಡಿ ಕಡೆಯವರು. ಕಚೇರಿಗೆ ಬಂದು ಅಂಕಪಟ್ಟಿ ಹಿಡಿದು ಕೇಳಿದರು: "ಐದರಾಗೂ ಪಾಸ್ ಆಗ್ಯಾಳ್ರೀ ಸಾಹೇಬ್ರ, ಅಂಕ ಇಲ್ಲದ ಪರೀಕ್ಷಿಗೆ ಯಾಕ ಫೇಲ್ ಮಾಡ್ತೀರಿ?" ನ್ಯಾಯವಾದ ಪ್ರಶ್ನೆ. ಅಕ್ಕಾರು ಅವರನ್ನು ಮೇಜಿನ ಹತ್ತಿರ ಕೂರಿಸಿ ಎರಡು ಬಾಟಲಿ, ಎರಡು ಸಿರಿಂಜ್ ಇಟ್ಟು ತೋರಿಸಿದರು. ಅವರಿಗೆ ಅರ್ಥವಾಯಿತು, ಆದರೆ ಸಿಟ್ಟು ಇಳಿಯಲಿಲ್ಲ. ವರ್ಷದ ಆರಂಭದಲ್ಲೇ ಇದನ್ನು ಹೇಳಿರಲಿಲ್ಲ ಅನ್ನುವುದು ಅವರ ತಕರಾರು, ಅದು ಸರಿಯೇ. ಔಷಧ ಕೊಡುವ ಕೆಲಸ ಇಲ್ಲದ ಮನೆಗಳಿಗೆ ಅವಳನ್ನು ಕಳಿಸಬಹುದು ಎಂಬ ಪತ್ರವನ್ನು ಟ್ರಸ್ಟ್ ಬರೆದುಕೊಟ್ಟಿತು.

ಕೃಪಾಂಕದ ಜಗಳ

ಕೊನೆಗೆ ಉಳಿದದ್ದು ಕೃಪಾಂಕ. ಟ್ರಸ್ಟಿನಲ್ಲಿ ಐದು ಅಂಕದವರೆಗೆ ಕೃಪಾಂಕ ಕೊಡುವ ಪದ್ಧತಿ ಮೊದಲಿನಿಂದ ಇದೆ. ಒಟ್ಟು ಅಂಕಕ್ಕೆ ಸೇರಿಸುವುದಾದರೆ ನನ್ನ ಅಭ್ಯಂತರ ಇಲ್ಲ, ಒಟ್ಟಿನ ಓಲಾಟವೇ 11 ಇರುವಾಗ ಐದು ದೊಡ್ಡದಲ್ಲ. 40ರ ಗಡಿಗೆ ಸೇರಿಸಿದರೆ ಗಡಿ 35 ಆಗುತ್ತದೆ. 40 ಅಂತ ಬರೆದು 35 ಅಂತ ನಡೆಸುವುದಕ್ಕಿಂತ 35 ಅಂತಲೇ ಬರೆಯುವುದು ವಾಸಿ. ಕಾರ್ಯದರ್ಶಿಗೆ ಗಡಿಗೂ ಕೃಪಾಂಕ ಬೇಕಿತ್ತು, ಒಬ್ಬಿಬ್ಬರಿಗಾಗಿ ಫೋನ್‌ಗಳು ಬಂದಿದ್ದವು. ಎರಡು ಸಭೆ ಇದರಲ್ಲೇ ಹೋದವು. ಸದ್ಯಕ್ಕೆ ಒಟ್ಟು ಅಂಕಕ್ಕೆ ಮಾತ್ರ ಕೃಪಾಂಕ, ಅಳತೆಯ ಪರೀಕ್ಷೆಗೆ ಯಾವ ಕಾರಣಕ್ಕೂ ಇಲ್ಲ ಅಂತ ತೀರ್ಮಾನವಾಯಿತು. ಗಡಿಯ ವಿಷಯ ಮುಂದಿನ ಬ್ಯಾಚಿನ ಅಂಕ ನೋಡಿ ತೀರ್ಮಾನಿಸೋಣ ಅಂತ ಬರೆದಿಟ್ಟಿದ್ದಾರೆ.

ಪ್ರಮಾಣಪತ್ರದ ನಮೂನೆಯೂ ಬದಲಾಯಿತು. ಮೊದಲು ಒಟ್ಟು ಅಂಕ, ದರ್ಜೆ ಮಾತ್ರ ಇರುತ್ತಿತ್ತು. ಈಗ ಐದು ಪೇಪರಿನ ಅಂಕವೂ ಇದೆ. ಕೆಳಗೆ ಬೇರೆ ಸಾಲಿನಲ್ಲಿ ಅಳತೆಯ ಪರೀಕ್ಷೆ ದಾಟಿದ ದಿನಾಂಕ ಮತ್ತು ಪರೀಕ್ಷಿಸಿದವರ ಸಹಿ. ಆ ಸಹಿ ಸಿಸ್ಟರ್ ಅಕ್ಕಾರದ್ದು. ಎರಡು ವರ್ಷಕ್ಕೊಮ್ಮೆ ಬಂದು ಅದನ್ನು ಮತ್ತೆ ಮಾಡಿ ತೋರಿಸಬೇಕು ಅಂತಲೂ ಅವರೇ ಸೇರಿಸಿದ್ದಾರೆ. ಹಳೆಯ ಬ್ಯಾಚಿನವರನ್ನೂ ಅದಕ್ಕೆ ಕರೆಸಬೇಕು ಅಂತ ಈಗ ಪಟ್ಟಿ ಮಾಡಿಸುತ್ತಿದ್ದಾರೆ.